ದುಬೈ ಮೆಟ್ರೋದಲ್ಲಿ ಕನ್ನಡಿಗರನ್ನು ಮಾತನಾಡಿಸುವ ಬಗ್ಗೆ

ಪ್ರಶ್ನೆ: "ನಾನು ಅರಸೀಕೆರೆಯವನು. ದುಬೈ ಮೆಟ್ರೋದಲ್ಲಿ ಕನ್ನಡ ಕಿವಿಗೆ ಬಿದ್ದರೆ ಮಾತಾಡಿಸ್ತೀನಿ. ಮೊದಲು ನಗ್ತಾರೆ, ಕೆಲಸ, ನಂಬರ್ ಕೇಳಿದ ಕೂಡಲೇ ದೂರ ಸರೀತಾರೆ. ಯಾಕೆ?"

ಬಹುಶಃ ಆ ಎರಡು ಪ್ರಶ್ನೆಗಳೇ ಕಾರಣ. ಭಾಷೆಯ ಸಲುಗೆಯಿಂದ ಹತ್ತಿರವಾಗಿ ಆಮೇಲೆ ಚೀಟಿಗೋ ವಿಮೆಗೋ ಸೇರಿಸಲು ನೋಡುವವರೂ ಇರುವುದರಿಂದ, ಅಪರಿಚಿತರು ಕೆಲಸ ವಿಚಾರಿಸಿದೊಡನೆ ಜನ ಎಚ್ಚರಗೊಳ್ಳುತ್ತಾರೆ.

ಅವರು ಫೋನಿನಲ್ಲಿದ್ದರೆ ಮಾತು ಮುಗಿಯುವವರೆಗೆ ಕಾಯಿರಿ. ನಡುವೆ ಬಾಯಿ ಹಾಕಿದರೆ ಕದ್ದು ಕೇಳಿಸಿಕೊಂಡಂತಾಗುತ್ತದೆ. ನಂತರ "ಹಸಿರು ಲೈನಿಗೆ ಬುರ್ಜುಮಾನ್‌ನಲ್ಲಿ ಇಳಿಯಬೇಕಲ್ವಾ?" ಎಂದು ಕನ್ನಡದಲ್ಲೇ ಕೇಳಿ. ಉತ್ತರ ಕನ್ನಡದಲ್ಲಿ ಬಂದರೆ ಮೊದಲು ನಿಮ್ಮ ಊರನ್ನು ಹೇಳಿ, ಅವರದನ್ನು ಅವರಾಗಿ ಹೇಳಲು ಬಿಡಿ. ಕಡೂರಿನವರಾದರೆ ನಿಮ್ಮದೇ ರೈಲುದಾರಿಯವರು. ಮೂಡಿಗೆರೆಯವರಾದರೆ ಈ ಸಲ ಕಾಫಿಗೆ ಹೂಮಳೆ ಹೇಗಾಯಿತೆಂದು ಕೇಳಿದರೆ ಸಾಕು, ಉಳಿದ ಮಾತು ತಾನೇ ಬರುತ್ತದೆ. ಹಾಸನದವರೊಂದಿಗೆ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳ ಮಾತೂ ಹಾಗೆಯೇ. ಆದರೆ "ಯಾರ ಪೈಕಿ?" ಎಂದು ದಯವಿಟ್ಟು ಕೇಳಬೇಡಿ, ಅದು ಜಾತಿ ವಿಚಾರಿಸಿದಂತೆ, ಬೆಳೆಯುತ್ತಿದ್ದ ಸ್ನೇಹ ಅಲ್ಲಿಗೇ ಮುರಿಯುತ್ತದೆ.

ಇಳಿಯುವ ಮುನ್ನ ಅವರ ನಂಬರ್ ಕೇಳದೆ ನಿಮ್ಮದನ್ನು ಕೊಡಿ. ಇಂಗ್ಲಿಷಿನಲ್ಲಿ ಚುಟುಕಾಗಿ ಉತ್ತರಿಸಿದವರನ್ನು ಮುಂದೆ ಮಾತಿಗೆಳೆಯಬೇಡಿ.