ಟೈರ್ ಗಾಳಿ: ಗೇಜು ತೋರಿಸದ 14 ಪಿಎಸ್ಐ

"ಪುಣೆಯಲ್ಲಿ ಬೆಳಿಗ್ಗೆ 15 ಡಿಗ್ರಿ ಇದ್ದಾಗ 33 ಪಿಎಸ್ಐ ಹಾಕಿಸಿದೆ. ಗೋವಾದಲ್ಲಿ 30 ಡಿಗ್ರಿ ಅಂತೆ. ಬಿಸಿ ಡಬಲ್ ಆದ್ರೆ ಒತ್ತಡಾನೂ ಡಬಲ್ ಅಲ್ವಾ? ಗಾಳಿ ಇಳಿಸಿ ಹೊರಡಲಾ? ನೈಟ್ರೋಜನ್ ಹಾಕಿಸಿದ್ರೆ ಕಮ್ಮಿ ಏರತ್ತಾ?"

ದಯವಿಟ್ಟು ಇಳಿಸಬೇಡಿ. ನಾನೂ ಒಂದು ಕಾಲಕ್ಕೆ ಸೆಲ್ಸಿಯಸ್‌ನಲ್ಲೇ ಭಾಗಾಕಾರ ಮಾಡುತ್ತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಲೆಕ್ಕ ಕೆಲ್ವಿನ್‌ನಲ್ಲಿ, ಅಂದರೆ ಸೆಲ್ಸಿಯಸ್‌ಗೆ 273 ಕೂಡಿಸಿ: 288ರಿಂದ 303. ಏರಿದ್ದು ಸುಮಾರು 5 ಪರ್ಸೆಂಟ್ ಮಾತ್ರ.

ಆ 5 ಪರ್ಸೆಂಟನ್ನೂ 33ಕ್ಕೆ ಹಾಕಬೇಡಿ, ಎಲ್ಲರೂ ಎಡವೋದು ಇಲ್ಲೇ. ಗೇಜು ತೋರಿಸೋದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅಂತ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಹೊರಗಿನ ಒತ್ತಡ ಸುಮಾರು 13.7 ಪಿಎಸ್ಐ. 33ಕ್ಕೆ ಅದನ್ನು ಕೂಡಿಸಿದರೆ ಒಳಗಿರೋದು 46.7. ಅದನ್ನು 303/288ರಿಂದ ಗುಣಿಸಿದರೆ 49.1. ಸಮುದ್ರಮಟ್ಟದಲ್ಲಿ ಹೊರಗೆ 14.7 ಇರುತ್ತದೆ, ಕಳೆದರೆ ಗೇಜಿನಲ್ಲಿ 34.4. ಘಟ್ಟ ಇಳಿದಿದ್ದಕ್ಕೇ ಒಂದು ಪಿಎಸ್ಐ ಕಮ್ಮಿ ಕಾಣುತ್ತದೆ, ಗಾಳಿ ಸೋರಿತು ಅಂತ ಗಾಬರಿ ಬೇಡ. ಓಡಿ ಓಡಿ ಟೈರ್ ಒಳಗೆ 50 ಡಿಗ್ರಿ ಆದರೂ 37–38 ಆಸುಪಾಸು. ಬಿಸಿ ಟೈರಿನಲ್ಲಿ ಅಳೆದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಮ್ಮಿ ಗಾಳಿಯಲ್ಲಿ ಓಡಿಸುತ್ತೀರಿ, ಪಕ್ಕದ ಗೋಡೆ ಬಾಗಿ ಬಾಗಿ ಇನ್ನೂ ಬಿಸಿಯಾಗುತ್ತದೆ. (ಟೈರ್ ಹಿಗ್ಗೋದನ್ನ ಲೆಕ್ಕಕ್ಕೆ ತಗೊಂಡಿಲ್ಲ.)

ಮೇಲೆ ಒಬ್ಬರು "ನೈಟ್ರೋಜನ್ ಹಗುರ, ಜೋರಾಗಿ ಓಡತ್ತೆ, ಒತ್ತಡ ಜಾಸ್ತಿ" ಅಂದಿದ್ದಾರೆ. ಮೊದಲರ್ಧ ಸರಿ. ಅಣುವಿನ ವೇಗ v ಸಿಗೋದು ಹೀಗೆ; T ಕೆಲ್ವಿನ್‌ನಲ್ಲಿ ಬಿಸಿ, M ಒಂದು ಮೋಲ್ ಅನಿಲದ ತೂಕ, R ಅನಿಲ ಸ್ಥಿರಾಂಕ 8.314:

```
v = √(3RT/M)
```

300 ಕೆಲ್ವಿನ್‌ನಲ್ಲಿ ನೈಟ್ರೋಜನ್ನಿಗೆ ಸೆಕೆಂಡಿಗೆ 517 ಮೀಟರ್, ಆಕ್ಸಿಜನ್ನಿಗೆ 484. M ಕಿಲೋಗ್ರಾಂನಲ್ಲಿ ಹಾಕಿ: 0.028. ಬರೀ 28 ಹಾಕಿದರೆ 16 ಬರುತ್ತದೆ, ಬರೀ ಸ್ಕೂಟರಿನ ವೇಗ, ಅಲ್ಲೇ ತಪ್ಪು ಗೊತ್ತಾಗಬೇಕು. ಆದರೆ ಗೋಡೆಗೆ ಬೀಳೋ ಒತ್ತಡ ನಿಂತಿರೋದು ಅಣುವಿನ ತೂಕ ಗುಣಿಸು ವೇಗದ ವರ್ಗದ ಮೇಲೆ. ಹಗುರಾದಷ್ಟೂ ವರ್ಗ ಹೆಚ್ಚುತ್ತದೆ, ಗುಣಲಬ್ಧ ಅಷ್ಟೇ ಉಳಿಯುತ್ತದೆ. ಅಷ್ಟೇ ಅಣುಗಳು, ಅಷ್ಟೇ ಜಾಗ, ಅಷ್ಟೇ ಬಿಸಿ ಇದ್ದರೆ ಯಾವ ಅನಿಲವಾದರೂ ಒಂದೇ ಒತ್ತಡ. 15ರಿಂದ 30 ಡಿಗ್ರಿಗೆ ಬಿಸಿಯಾದಾಗ ವೇಗ ಏರೋದು 2.6 ಪರ್ಸೆಂಟ್ ಮಾತ್ರ. ಅಣು ಹೆಚ್ಚು ಸಲ ಬಡಿಯುತ್ತದೆ, ಪ್ರತಿ ಸಲ ಹೆಚ್ಚು ಜೋರಾಗಿಯೂ ಬಡಿಯುತ್ತದೆ, ಎರಡೂ ಸೇರಿ 5.

ಹಾಗಾಗಿ ನೈಟ್ರೋಜನ್‌ಗೆ ದುಡ್ಡು ಸುರಿಯಬೇಡಿ, ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ಅದೇ ಇದೆ. ಅದರ ಲಾಭ ತೇವ ಇಲ್ಲದಿರೋದು, ರಬ್ಬರಿನಿಂದ ನಿಧಾನಕ್ಕೆ ಸೋರೋದು. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ನೀರು ಬಸಿಯದ ಅಂಗಡಿಗೆ ಮಾತ್ರ ಹೋಗಬೇಡಿ, ನೀರು ಒಳಗೆ ಆವಿಯಾದರೆ ಮೇಲಿನ ಲೆಕ್ಕ ಕೆಡುತ್ತದೆ.

ಹೀಲಿಯಂ ಬಲೂನು ರಾತ್ರೋರಾತ್ರಿ ಯಾಕೆ ಇಳಿಯತ್ತೆ ಅಂತ ಕೇಳಿದ ಅಕ್ಕನಿಗೆ: ಅದು ನೈಟ್ರೋಜನ್‌ಗಿಂತ 2.6 ಪಟ್ಟು ವೇಗ, ಆದರೆ ರಾತ್ರೋರಾತ್ರಿ ಇಳಿಯೋದರಲ್ಲಿ ವೇಗದ ಪಾಲೆಷ್ಟು, ರಬ್ಬರಿನ ಪಾಲೆಷ್ಟು ಅಂತ ಈ ಸೂತ್ರ ಹೇಳೋದಿಲ್ಲ.

ಗೇಜು ಡಯಲ್‌ನದೇ ಕೊಳ್ಳಿ, ಪೆನ್ನಿನ ಥರದ್ದು ನನಗೆ ನಂಬಿಕೆ ಇಲ್ಲ. ಗೋವಾ ತಲುಪಿದ ಮರುದಿನ ಬೆಳಿಗ್ಗೆ, ಕಾರು ಅಲುಗಾಡಿಸೋ ಮುಂಚೆ ನೋಡಿ, ಬಂದ ಅಂಕಿ ಇಲ್ಲಿ ಹಾಕಿ.