ಫ್ರೀಸ್ಟೈಲ್: ಕೈ ಹಾಕಿದ ಕೂಡಲೇ ಉಸಿರು ಯಾಕೆ ಸಿಗಲ್ಲ?

ಪ್ರಶ್ನೆ: ಮಗಳಿಗೆ 9 ವರ್ಷ, ಮೈಸೂರಲ್ಲಿ ಈಜು ಕಲೀತಿದ್ದಾಳೆ. ತೇಲುತ್ತಾಳೆ, ಕಾಲೂ ಹೊಡೀತಾಳೆ. ಕೈ ಹಾಕೋಕೆ ಶುರು ಮಾಡಿದರೆ ಮಾತ್ರ ಉಸಿರು ಸಿಗದೆ ನಿಂತುಬಿಡ್ತಾಳೆ. ಏನು ಮಾಡಲಿ?

ಸದ್ಯಕ್ಕೆ ಕೈ ವಿಷಯ ಬಿಡಿ. ಅವಳು ನೀರೊಳಗೆ ಉಸಿರು ಬಿಡುತ್ತಿದ್ದಾಳಾ ಅಂತ ಮೊದಲು ನೋಡಿ. ನಾನು ಸರಸ್ವತಿಪುರಂ ಕಡೆ ಮಕ್ಕಳಿಗೆ ಈಜು ಹೇಳಿಕೊಡುತ್ತೇನೆ, ಹೀಗೆ ನಿಂತುಬಿಡುವ ಮಕ್ಕಳು ಹೆಚ್ಚಾಗಿ ಮುಖ ನೀರಲ್ಲಿ ಇರುವಷ್ಟು ಹೊತ್ತೂ ಉಸಿರು ಬಿಗಿಹಿಡಿದಿರುತ್ತಾರೆ. ಬಾಯಿ ಹೊರಗೆ ಬರುವುದು ಅರೆಕ್ಷಣ. ಅಷ್ಟರಲ್ಲೇ ಹಳೇ ಗಾಳಿ ಬಿಟ್ಟು ಹೊಸದು ಎಳೆಯಬೇಕು ಅಂದರೆ ಎರಡೂ ಅರ್ಧಂಬರ್ಧ ಆಗುತ್ತೆ. ಪತ್ತೆ ಮಾಡುವುದು ಸುಲಭ: ಮುಖದ ಹತ್ತಿರ ಗುಳ್ಳೆ ಬರುತ್ತಿಲ್ಲ ಅಂದರೆ ಉಸಿರು ಕಟ್ಟಿದ್ದಾಳೆ.

ಅವಳ ಎದೆಮಟ್ಟದ ನೀರಲ್ಲಿ, ನೀವು ಪಕ್ಕದಲ್ಲೇ ನಿಂತು, ಗೋಡೆ ಹಿಡಿಸಿ. ಮುಖ ಮುಳುಗಿಸಿ ಮೂಗು ಬಾಯಿ ಎರಡರಿಂದಲೂ ನಿಧಾನಕ್ಕೆ ಗುಳ್ಳೆ ಬಿಡಲಿ, ಆಮೇಲೆ ತಲೆ ಎತ್ತದೆ ಪಕ್ಕಕ್ಕೆ ಹೊರಳಿಸಲಿ. ಒಂದು ಕಿವಿ ನೀರಲ್ಲೇ ಇರಬೇಕು, ಗಾಗಲ್ಸ್‌ನ ಒಂದು ಕಣ್ಣೂ ನೀರಲ್ಲೇ. ಇದು ಬೋರು ಹೊಡೆಸುವಷ್ಟು ಸಲ ಆಗಲಿ ಬಿಡಿ.

ತಲೆ ಎತ್ತಬಾರದು ಅನ್ನೋದಕ್ಕೆ ಕಾರಣ ಇದೆ. ತಲೆ ಮೇಲಕ್ಕೆ ಹೋದರೆ ಸೊಂಟ ಕೆಳಕ್ಕೆ ಇಳಿಯುತ್ತೆ, ಅಳತೆ ತಕ್ಕಡಿ ಇದ್ದ ಹಾಗೆ. ಮಂಡ್ಯ ಕಡೆ ನಾಲೆಯಲ್ಲಿ ಕಲಿತವರು ತಲೆ ಎತ್ತಿಕೊಂಡೇ ಈಜುತ್ತಾರೆ, ಹರಿಯೋ ನೀರಲ್ಲಿ ಮುಂದೆ ಏನಿದೆ ಅಂತ ಕಾಣಬೇಕಲ್ವಾ. ಆದರೆ ಕೊಳದಲ್ಲಿ ಹಾಗೆ ಮಾಡಿದರೆ ಕಾಲು ಮುಳುಗಿ, ಸುಮ್ನೆ ದಣಿವು. ಹಾಗಾಗಿ ಗೋಡೆಗೆ ಕಾಲು ಒದ್ದು, ತಳದ ಟೈಲ್ಸ್ ನೋಡುತ್ತಾ, ಕೈ ಚಾಚಿ ತೇಲಿಕೊಂಡು ಹೋಗೋದನ್ನು ಇನ್ನೊಮ್ಮೆ ಮಾಡಿಸಿ.

ಆಮೇಲೆ ಕೈಯಲ್ಲಿ ಹಿಡಿದು ತೇಲುವ ಕಿಕ್‌ಬೋರ್ಡು. ಎಡಗೈ ಬೋರ್ಡಿನ ಮೇಲೆ, ಬಲಗೈ ತೊಡೆಯ ಪಕ್ಕ, ಕಾಲು ಹೊಡೆಯುತ್ತಾ ಬಲಕ್ಕೆ ಮಾತ್ರ ಉಸಿರು. ಬೋರ್ಡನ್ನು ನೀರಿಗೆ ಒತ್ತಿ ಅದರ ಬಲದಿಂದ ತಲೆ ಎತ್ತುತ್ತಿದ್ದಾಳಾ ಅಂತ ಕಣ್ಣಿಡಿ. ಈ ಚಾಳಿ ಇಲ್ಲಿ ಬಿಡಿಸದಿದ್ದರೆ ಮುಂದೆ ಬೋರ್ಡು ಇಲ್ಲದಾಗ ಚಾಚಿದ ಕೈಯನ್ನೇ ಕೆಳಕ್ಕೆ ಒತ್ತುತ್ತಾಳೆ, ಆಗ ಒತ್ತಲು ಏನೂ ಸಿಗದೆ ಬಾಯಿ ಮುಳುಗಿ ನೀರು ಕುಡಿಯುತ್ತಾಳೆ. ನಿಮ್ಮ ಮಗಳು ನಿಲ್ಲುವುದೂ ಬಹುಶಃ ಇದೇ ಜಾಗದಲ್ಲಿ.

ಇದು ಸರಿಹೋದ ಮೇಲೆ ಬಲಗೈ ಒಂದನ್ನೇ ಸೇರಿಸಿ. ಕೈ ಭುಜದ ನೇರಕ್ಕೆ ನೀರಿಗೆ ಇಳಿಯಲಿ, ತಲೆಯ ಮುಂದೆ ಅಡ್ಡ ಬರಬಾರದು. ಮೊಣಕೈ ಮೇಲೇ ಉಳಿದು ಬೆರಳು ತಳದ ಕಡೆ ತಿರುಗಬೇಕು, ಆಮೇಲೆ ನೀರನ್ನು ತೊಡೆಯವರೆಗೆ ಹಿಂದಕ್ಕೆ ತಳ್ಳಬೇಕು. ಆ ಕೈ ಹಿಂದಕ್ಕೆ ಹೋಗುತ್ತಿರುವಾಗಲೇ ಮುಖ ಹೊರಳಿ ಉಸಿರು ಎಳೆಯಬೇಕು, ಕೈ ಮತ್ತೆ ಮುಂದೆ ನೀರಿಗೆ ಬೀಳುವಷ್ಟರಲ್ಲಿ ಮುಖ ಒಳಗೆ ಹೋಗಿರಬೇಕು. ತಡವಾಗಿ ಹೊರಳುವುದೇ ಮಕ್ಕಳು ಜಾಸ್ತಿ ಮಾಡುವ ತಪ್ಪು.

ಕೊನೆಗೆ ಎರಡು ಕೈ. ಒಂದು ಕೈ ಮುಂದೆ ಚಾಚಿ ಕಾಯುತ್ತಿರಲಿ, ಇನ್ನೊಂದು ಸುತ್ತಿ ಬಂದು ಅದನ್ನು ಮುಟ್ಟಿದ ಮೇಲೆಯೇ ಇದು ಹೊರಡಲಿ. ನಿಧಾನ ಅನ್ನಿಸುತ್ತೆ, ಆದರೆ ಉಸಿರಿಗೆ ಸಮಯ ಸಿಗುತ್ತೆ. 8–10 ಮೀಟರ್ ಸಾಕು, ಕೊಳದ ಆ ತುದಿ ಮುಟ್ಟಲೇಬೇಕು ಅಂತ ಕೂಗಬೇಡಿ. ಗುಳ್ಳೆ ನಿಂತಿತು ಅಂದರೆ ಅಲ್ಲೇ ನಿಲ್ಲಿಸಿ ಮತ್ತೆ ಬೋರ್ಡು ಕೊಡಿ.