ಮಾಮಾನ ಮಕ್ಕಳು ಅಣ್ಣ-ತಂಗಿ ಅಲ್ಲ: ಬೆಳಗಾವಿ ಗಡಿಯಿಂದ ಒಂದು ಉತ್ತರ

ನೀವು ಕೇಳಿದ್ದು ಸರಳವಾದ ಪ್ರಶ್ನೆ: ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಮನೆಗಳಲ್ಲಿ ಸೋದರಮಾವನ ಮಕ್ಕಳಿಗೆ ಏನೆನ್ನುತ್ತಾರೆ, ಎಲ್ಲರನ್ನೂ ಸೇರಿಸಿ ಕಸಿನ್ ಎಂದು ಬರೆದುಕೊಂಡರೆ ತಪ್ಪೇನು? ತಪ್ಪೇನೆಂದರೆ, ಇಲ್ಲಿನ ಜನ ಎರಡು ಪಾಲು ಮಾಡಿಟ್ಟುಕೊಂಡ ಸಂಬಂಧವನ್ನು ಆ ಮಾತು ಒಂದೇ ಮಾಡಿಬಿಡುತ್ತದೆ. ಒಂದು ಪಾಲಿನವರು ಒಡಹುಟ್ಟಿದವರ ಲೆಕ್ಕ. ಇನ್ನೊಂದು ಪಾಲಿನವರ ಜೊತೆ ಮದುವೆ ಆಗಬಹುದು. ಇವೆರಡು ಕಲಸಿದರೆ ಮನೆಯವರು ಹೇಳುವ ಮುಂದಿನ ಯಾವ ಮಾತೂ ನಿಮಗೆ ಸರಿಯಾಗಿ ತಿಳಿಯುವುದಿಲ್ಲ.

ಪಾಲು ಬೀಳುವುದು ಹೆತ್ತವರ ತಲೆಮಾರಿನಲ್ಲಿ. ಅಪ್ಪನ ಅಣ್ಣ ದೊಡ್ಡಪ್ಪ, ಅಪ್ಪನ ತಮ್ಮ ಇಲ್ಲಿನ ರೂಢಿಯಲ್ಲಿ ಕಾಕಾ. ಅವ್ವನ ಅಕ್ಕ ದೊಡ್ಡವ್ವ, ಅವ್ವನ ತಂಗಿ ಚಿಗವ್ವ. ಕಾಕಾ ಒಂದನ್ನು ಬಿಟ್ಟರೆ ಈ ಹೆಸರುಗಳಲ್ಲಿ ಅಪ್ಪ, ಅವ್ವ ಇರುವುದು ಸುಮ್ಮನೆ ಅಲ್ಲ. ಅಪ್ಪನ ಅಣ್ಣತಮ್ಮಂದಿರು ಅಪ್ಪಂದಿರ ಸಾಲಿನವರು, ಅವ್ವನ ಅಕ್ಕತಂಗಿಯರು ಅವ್ವಂದಿರ ಸಾಲಿನವರು. ಹಾಗಾಗಿ ಅವರ ಮಕ್ಕಳು ನೇರವಾಗಿ ಅಣ್ಣ, ತಮ್ಮ, ಅಕ್ಕ, ತಂಗಿ. ಆದರೆ ಅವ್ವನ ಅಣ್ಣತಮ್ಮಂದಿರು ಮಾಮಾ, ಅಪ್ಪನ ಅಕ್ಕತಂಗಿಯರು ಅತ್ತಿ. ಹೆಣ್ಣಿಗೆ ಒಡಹುಟ್ಟಿದ ಗಂಡು, ಗಂಡಿಗೆ ಒಡಹುಟ್ಟಿದ ಹೆಣ್ಣು ಬಂದ ಕಡೆ ದಾರಿ ಕವಲೊಡೆಯುತ್ತದೆ. ಮಾಮಾನ ಮಗ ನಿಮಗಿಂತ ದೊಡ್ಡವನಾದರೆ ಭಾವ, ಸಣ್ಣವನಾದರೆ ಮೈದುನ. ಮಗಳು ದೊಡ್ಡವಳಾದರೆ ಅತ್ತಿಗಿ, ಸಣ್ಣವಳಾದರೆ ನಾದಿನಿ. ಅತ್ತಿಯ ಮಕ್ಕಳಿಗೂ ಇವೇ ನಾಲ್ಕು ಹೆಸರು.

ಈ ನಾಲ್ಕನ್ನೂ ನೀವು ಮದುವೆಯ ನಂತರದ ನೆಂಟರಿಗೆ ಕೇಳಿರುತ್ತೀರಿ: ಅಕ್ಕನ ಗಂಡ ಭಾವ, ಅಣ್ಣನ ಹೆಂಡತಿ ಅತ್ತಿಗೆ, ಗಂಡನ ತಂಗಿ ನಾದಿನಿ. ಹುಟ್ಟಿನಿಂದ ಬಂದ ನೆಂಟರಿಗೂ ಅವೇ ಹೆಸರು ಇರುವುದಕ್ಕೆ ಕಾರಣ ಸ್ಪಷ್ಟ. ಮಾಮಾನ ಮಗ ಅಕ್ಕನನ್ನು ಮದುವೆಯಾಗಬಹುದಾದವನು, ಮಾಮಾನ ಮಗಳು ಅಣ್ಣನಿಗೆ ಹೆಂಡತಿಯಾಗಿ ಬರಬಹುದಾದವಳು. ಮದುವೆ ಆಗಲಿ ಬಿಡಲಿ, ಹೆಸರು ಮೊದಲೇ ಇರುತ್ತದೆ. ಮಾವ, ಅತ್ತೆ ಎಂಬ ಮಾತುಗಳು ಸೋದರಮಾವನಿಗೂ ಹೆಂಡತಿಯ ಅಪ್ಪನಿಗೂ, ಸೋದರತ್ತೆಗೂ ಗಂಡನ ತಾಯಿಗೂ ಒಂದೇ ಆಗಿರುವುದು ಇದೇ ಲೆಕ್ಕದಿಂದ. ಅಳಿಯ, ಸೊಸೆಯೂ ಹಾಗೆಯೇ. ಗಂಡಸಿಗೆ ಅಕ್ಕತಂಗಿಯರ ಮಗ ಅಳಿಯ, ಮಗಳು ಸೊಸೆ. ಅವನ ಅಣ್ಣತಮ್ಮಂದಿರ ಮಕ್ಕಳು ಮಾತ್ರ ಮಗ, ಮಗಳು. ಹೆಂಗಸಿಗೆ ಇದು ತಿರುಗುಮುರುಗು: ಅಕ್ಕತಂಗಿಯರ ಮಕ್ಕಳು ಮಗ, ಮಗಳು; ಅಣ್ಣತಮ್ಮಂದಿರ ಮಕ್ಕಳು ಅಳಿಯ, ಸೊಸೆ. ಆದ್ದರಿಂದ ಒಬ್ಬಾಕೆ ಒಂದು ಹುಡುಗಿಯನ್ನು ತೋರಿಸಿ "ಇಕಿ ನಮ್ಮ ಸೊಸಿ" ಅಂದರೆ, ಮಗನ ಹೆಂಡತಿ ಎಂದು ಥಟ್ಟನೆ ಬರೆದುಕೊಳ್ಳಬೇಡಿ. ಅಣ್ಣನ ಮಗಳೂ ಇರಬಹುದು, ಆ ಹುಡುಗಿ ಇನ್ನೂ ಶಾಲೆಗೆ ಹೋಗುತ್ತಿರಬಹುದು.

ದೂರದ ನೆಂಟರ ವಿಷಯ ಬಂದಾಗ ಹೊರಗಿನವರು ಎಡವುವುದು ತಲೆಮಾರು ಎಣಿಸಲು ಹೋಗಿ. ಇಲ್ಲಿ ಯಾರೂ ಎಣಿಸುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತಾರೆ: "ಅವ್ವ ಆತಗ ಏನಂತಾಳ?" ಅವ್ವ ಅಣ್ಣ ಅಥವಾ ತಮ್ಮ ಅನ್ನುವವನು ಎಷ್ಟೇ ದೂರದವನಾದರೂ ನಿಮಗೆ ಮಾಮಾ. ಅವ್ವನಿಗೆ ಭಾವ ಅಥವಾ ಮೈದುನ ಆಗುವವನು ನಿಮಗೆ ದೊಡ್ಡಪ್ಪ ಅಥವಾ ಕಾಕಾ, ಏಕೆಂದರೆ ಅವನು ಅವ್ವನಿಗೆ ಗಂಡನಾಗಬಹುದಾಗಿದ್ದ ಸಾಲಿನವನು, ಅಂದರೆ ಅಪ್ಪನ ಸಾಲು. ಅಪ್ಪನ ಕಡೆಯಿಂದ ಕೇಳಿದರೆ ಅಪ್ಪನ ಅಣ್ಣತಮ್ಮ ಆಗುವವನು ದೊಡ್ಡಪ್ಪ, ಕಾಕಾ. ಅಪ್ಪನಿಗೆ ಭಾವ, ಮೈದುನ ಆಗುವವನು ಮಾಮಾ. ಅವರ ಮಕ್ಕಳು ನಿಮಗೇನು ಎಂಬುದಕ್ಕೆ ಮೇಲಿನ ಕವಲೇ ಉತ್ತರ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಅವ್ವನ ಅಪ್ಪನಿಗೆ ಒಬ್ಬ ತಮ್ಮ, ಒಬ್ಬ ತಂಗಿ ಇದ್ದರು ಎಂದಿಟ್ಟುಕೊಳ್ಳಿ. ತಮ್ಮನಿಗೂ ತಂಗಿಗೂ ಒಬ್ಬೊಬ್ಬ ಮಗ, ಆ ಮಕ್ಕಳಿಗೆ ಒಬ್ಬೊಬ್ಬ ಮಗಳು. ಇಂಗ್ಲಿಷ್ ಲೆಕ್ಕದಲ್ಲಿ ಈ ಇಬ್ಬರು ಹುಡುಗಿಯರೂ ನಿಮಗೆ ಸೆಕೆಂಡ್ ಕಸಿನ್, ವ್ಯತ್ಯಾಸವೇ ಇಲ್ಲ. ಈಗ ನಮ್ಮ ಪ್ರಶ್ನೆ ಹಾಕಿ. ತಮ್ಮನ ಮಗ ಅವ್ವನಿಗೆ ಕಾಕಾನ ಮಗ, ಅಂದರೆ ಅಣ್ಣ ಅಥವಾ ತಮ್ಮ. ಹಾಗಾದರೆ ನಿಮಗೆ ಮಾಮಾ, ಅವನ ಮಗಳು ಅತ್ತಿಗಿ ಇಲ್ಲವೇ ನಾದಿನಿ. ತಂಗಿಯ ಮಗ ಅವ್ವನಿಗೆ ಅತ್ತಿಯ ಮಗ, ಅಂದರೆ ಭಾವ ಅಥವಾ ಮೈದುನ. ಹಾಗಾದರೆ ನಿಮಗೆ ದೊಡ್ಡಪ್ಪ ಅಥವಾ ಕಾಕಾ, ಅವನ ಮಗಳು ಅಕ್ಕ ಅಥವಾ ತಂಗಿ. ಮೊದಲನೆಯವಳ ಜೊತೆ ಹುಡುಗನಿಗೆ ಮದುವೆಯ ಮಾತು ಎತ್ತಬಹುದು, ಎರಡನೆಯವಳ ಹೆಸರು ಎತ್ತಿದರೆ ಹಿರಿಯರು "ತಂಗಿ ಆಗ್ತಾಳ" ಅಂದು ಅಲ್ಲಿಗೇ ನಿಲ್ಲಿಸುತ್ತಾರೆ. ಲಿಂಗಾಯತರಲ್ಲಿ ಇದರ ಮೇಲೆ ಬೆಡಗು, ಅಂದರೆ ಗೋತ್ರದಂಥ ವಂಶದ ಗುಂಪು, ನೋಡುತ್ತಾರೆ. ಬೆಡಗು ಒಂದೇ ಆದರೆ ನಂಟು ಗೊತ್ತಿಲ್ಲದಿದ್ದರೂ ಅಣ್ಣತಮ್ಮಂದಿರೇ, ಅಲ್ಲಿ ಹೆಣ್ಣು ಕೊಟ್ಟು ತರುವ ಮಾತಿಲ್ಲ.

ಇದು ಮದುವೆಗೆ ಮಾತ್ರ ಬೇಕಾದ ಲೆಕ್ಕ ಅಲ್ಲ. ಕೂಸಿನ ಜವಳ ತೆಗೆಯುವಾಗ ತೊಡೆಯ ಮೇಲೆ ಕೂಡಿಸಿಕೊಳ್ಳಲು ಸೋದರಮಾವ ಬೇಕು. ತಾಯಿಗೆ ಒಡಹುಟ್ಟಿದ ಅಣ್ಣತಮ್ಮಂದಿರು ಇಲ್ಲದಿದ್ದರೆ ಅವಳ ಕಾಕಾನ ಮಗನೋ ಚಿಗವ್ವನ ಮಗನೋ ಬಂದು ಕೂಡುತ್ತಾನೆ, ಅವನೂ ಪೂರ್ತಿ ಮಾಮಾನೇ. ಅವಳ ಅತ್ತಿಯ ಮಗ ಎಷ್ಟೇ ಹತ್ತಿರದವನಾದರೂ ಆ ಜಾಗಕ್ಕೆ ಬರುವುದಿಲ್ಲ.

ಗಡಿಯ ತೊಡಕು ಶುರುವಾಗುವುದು ಮರಾಠಿ ಕೂಡಿದಾಗ. ಮರಾಠಿಯಲ್ಲಿ ಮಾಮಾನ ಮಗ ಮಾಮೇಭಾವು, ಅತ್ತೆಯ ಮಗ ಆತೇಭಾವು, ಕಾಕಾನ ಮಗ ಚುಲತಭಾವು, ಚಿಗವ್ವನ ಮಗ ಮಾವಸಭಾವು. ಯಾವ ಕಡೆಯಿಂದ ಬಂದವನು ಎಂದು ಅವರ ಹೆಸರು ನಮ್ಮದಕ್ಕಿಂತ ಬಿಡಿಬಿಡಿಯಾಗಿ ಹೇಳುತ್ತದೆ, ಆದರೆ ಕೊನೆಗೆ ನಾಲ್ವರಿಗೂ ಭಾವು, ಅಂದರೆ ಅಣ್ಣತಮ್ಮ ಎಂದೇ ಸೇರಿಸುತ್ತದೆ. ನಮ್ಮದು ಕಡೆ ಹೇಳುವುದಿಲ್ಲ, ಮಾಮಾನ ಮಗನೂ ಅತ್ತಿಯ ಮಗನೂ ಒಂದೇ ಭಾವ, ಆದರೆ ಅಣ್ಣತಮ್ಮನಿಂದ ಬೇರೆ ಮಾಡುತ್ತದೆ. ಇಲ್ಲೇ ಕಿವಿ ಮೋಸ ಹೋಗುವುದು. ಮರಾಠಿಯವನ ಬಾಯಲ್ಲಿ ಭಾವು ಒಡಹುಟ್ಟಿದವನು, ಕನ್ನಡದವನ ಬಾಯಲ್ಲಿ ಭಾವ ಹೆಣ್ಣು ಕೊಡಬಹುದಾದ ಮನೆಯವನು. ಎರಡೂ ಭಾಷೆ ಆಡುವ ಮನೆಯಲ್ಲಿ ಕೂತಾಗ ಯಾವ ಭಾಷೆಯ ವಾಕ್ಯದೊಳಗೆ ಆ ಮಾತು ಬಂತು ಎಂದು ನೋಡಿಕೊಳ್ಳಿ. ಮಾವಶಿಯೂ ಅಂಥದ್ದೇ: ಕನ್ನಡದ ಕಿವಿಗೆ ಮಾವನ ಕಡೆಯವಳು ಎನಿಸುತ್ತದೆ, ಆದರೆ ಆಕೆ ಅವ್ವನ ತಂಗಿ ಅಥವಾ ಅಕ್ಕ, ಆಕೆಯ ಮಕ್ಕಳು ನಮ್ಮಲ್ಲಿ ಒಡಹುಟ್ಟಿದವರ ಸಾಲು.

ಮರಾಠಿಯಿಂದ ನಾವು ತೆಗೆದುಕೊಂಡ ವೈನಿ ಇನ್ನೊಂದು ಪರಿಣಾಮ ಮಾಡಿದೆ, ಇದು ನನಗೆ ಮುಖ್ಯ ಅನಿಸುತ್ತದೆ. ವೈನಿ ಅಣ್ಣನ ಹೆಂಡತಿ ಮಾತ್ರ. ಕನ್ನಡದ ಅತ್ತಿಗಿ ಅಣ್ಣನ ಹೆಂಡತಿಯೂ ಹೌದು, ಮಾಮಾನ ಹಿರಿಮಗಳೂ ಹೌದು. ಅಣ್ಣನ ಹೆಂಡತಿಗೆ ವೈನಿ ಎನ್ನಲು ಶುರು ಮಾಡಿದ ಮನೆಗಳಲ್ಲಿ ಅತ್ತಿಗಿ ಮಾತೇ ಕಡಿಮೆಯಾಗಿ, ಮಾಮಾನ ಹಿರಿಮಗಳಿಗೆ ಕರೆಯುವ ಹೆಸರು ಇಲ್ಲದಂತಾಗುತ್ತದೆ. ಮಕ್ಕಳು ಆಕೆಯನ್ನು ಅಕ್ಕ ಎಂದು ಕರೆಯತೊಡಗುತ್ತಾರೆ. ಕರೆಯುವುದು ಅಕ್ಕ, ಲೆಕ್ಕದಲ್ಲಿ ಅತ್ತಿಗಿ. ಹಾಗಾಗಿ ಕರೆಯುವ ಹೆಸರನ್ನು ಕೇಳಿ ಸಂಬಂಧ ಬರೆಯಬೇಡಿ, "ಏನಾಗಬೇಕು?" ಎಂದು ಕೇಳಿ ಬರೆಯಿರಿ. ನಾದಿನಿ, ಮೈದುನ ಅಂತೂ ಕರೆಯುವ ಹೆಸರೇ ಅಲ್ಲ, ಸಣ್ಣವರನ್ನು ಹೆಸರು ಹಿಡಿದೇ ಕೂಗುತ್ತಾರೆ.

ಇದಕ್ಕಿಂತ ಹೆಚ್ಚು ಗಲಿಬಿಲಿ ಮಾಡುವುದು ಮಾಮಾ ಎಂಬ ಕರೆ. ಉತ್ತರ ಕರ್ನಾಟಕದ ಬಹಳ ಮನೆಗಳಲ್ಲಿ ಅಕ್ಕನ ಗಂಡನನ್ನೂ, ಹುಡುಗಿಯರು ಅತ್ತಿಯ ಮಗನನ್ನೂ ಮಾಮಾ ಅಂತಲೇ ಕರೆಯುತ್ತಾರೆ. ಆದ್ದರಿಂದ ಅವ್ವ ಒಬ್ಬನಿಗೆ ಮಾಮಾ ಎಂದರೆ ಆತ ಅವಳ ಸೋದರಮಾವನಾಗಿ ನಿಮಗೆ ಅಜ್ಜನ ಸಾಲಿನವನಿರಬಹುದು, ಇಲ್ಲವೇ ಅವಳ ಭಾವನಾಗಿ ನಿಮಗೆ ದೊಡ್ಡಪ್ಪನಿರಬಹುದು. "ಸ್ವಂತ ಸೋದರಮಾವನೇನ್ರಿ?" ಎಂದು ಒಂದು ಮಾತು ಕೇಳಿದರೆ ಬಗೆಹರಿಯುತ್ತದೆ.

ಅಕ್ಕನ ಮಗಳನ್ನು ಮದುವೆಯಾದ ಮನೆಯಲ್ಲಿ ಒಬ್ಬೊಬ್ಬರಿಗೂ ಎರಡು ಸಂಬಂಧ ಬರುತ್ತದೆ. ಅಕ್ಕ ಅತ್ತೆಯೂ ಆದಳು, ಅಕ್ಕನ ಗಂಡ ಮಾವನಾದ, ಅಳಿಯನಾಗಿದ್ದ ಅಕ್ಕನ ಮಗ ಈಗ ಹೆಂಡತಿಯ ಒಡಹುಟ್ಟಿದವನು. ಹುಟ್ಟುವ ಕೂಸಿಗೆ ಅವನು ಅವ್ವನ ಕಡೆಯಿಂದ ಮಾಮಾ, ಅಪ್ಪನ ಕಡೆಯಿಂದ ಅತ್ತಿಯ ಮಗ. ಸಾಮಾನ್ಯವಾಗಿ ದೊಡ್ಡವರು ಹಳೆಯ ಹೆಸರನ್ನೇ ಉಳಿಸಿಕೊಳ್ಳುತ್ತಾರೆ, ಮದುವೆಯಾದ ಮೇಲೂ ಅಕ್ಕ ಅಕ್ಕನೇ. ಕೂಸು ತಲೆಮಾರು ದೊಡ್ಡದಾಗಿ ಕಾಣುವ ಹೆಸರು ಹಿಡಿಯುತ್ತದೆ: ಮಾಮಾ, ಅಜ್ಜಿ. ಪಕ್ಕದ ಮರಾಠಿ ಮನೆಗಳಲ್ಲಿ ಮಾಮಾನ ಮಗಳನ್ನು ತರುವುದುಂಟು, ಅಕ್ಕನ ಮಗಳನ್ನು ಸಾಮಾನ್ಯವಾಗಿ ತರುವುದಿಲ್ಲ. ಮುಸ್ಲಿಂ ಮನೆಗಳಲ್ಲಿ ಕಾಕಾನ ಮಗಳ ಜೊತೆಯೂ ಮದುವೆ ಆಗುತ್ತದೆ. ಒಂದೇ ಓಣಿಯಲ್ಲಿ ಈ ಮೂರೂ ಪದ್ಧತಿ ಇರುವುದರಿಂದ ಒಂದು ಮನೆಯ ಉತ್ತರವನ್ನು ಇನ್ನೊಂದಕ್ಕೆ ಹಚ್ಚಬೇಡಿ. 1955ರ ಹಿಂದೂ ವಿವಾಹ ಕಾಯ್ದೆಯ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಸೋದರಮಾವ ಮತ್ತು ಅವನ ಅಕ್ಕತಂಗಿಯರ ಮಗಳೂ, ಅಣ್ಣ-ತಂಗಿಯ ಮಕ್ಕಳೂ ಸೇರಿದ್ದಾರೆ. ಆದರೆ ಇಬ್ಬರ ಕಡೆಯೂ ಅಂಥ ಮದುವೆಯ ರೂಢಿ ಇದ್ದರೆ ಅದೇ ಕಾಯ್ದೆ ಒಪ್ಪುತ್ತದೆ, ನಮ್ಮ ಕಡೆಯ ಮದುವೆಗಳು ನಿಂತಿರುವುದು ಆ ಮಾತಿನ ಮೇಲೆ.

ಆಸ್ಪತ್ರೆಯಲ್ಲಿ ಗರ್ಭಿಣಿಗೆ "ರಕ್ತಸಂಬಂಧದಲ್ಲಿ ಮದುವೆಯೇ?" ಎಂದು ಕೇಳುವಾಗ ಮಾತ್ರ ಈ ಪಾಲು ಬದಿಗಿಡಬೇಕು. ರಕ್ತದ ಲೆಕ್ಕದಲ್ಲಿ ಕಾಕಾನ ಮಗಳೂ ಮಾಮಾನ ಮಗಳೂ ಒಂದೇ ದೂರ, ಒಬ್ಬಳನ್ನು ತಂಗಿ ಎನ್ನುವುದರಿಂದ ಅದು ಬದಲಾಗುವುದಿಲ್ಲ. ಮಾಮಾನ ಅಥವಾ ಅತ್ತಿಯ ಮಗಳಾದರೆ ಕೂಸಿಗೆ ಒಂದು ಜೀನಿನ ಎರಡೂ ಪ್ರತಿ ಒಬ್ಬನೇ ಹಿರಿಯನಿಂದ ಬರುವ ಸಾಧ್ಯತೆ 16ರಲ್ಲಿ 1. ಅಕ್ಕನ ಮಗಳಾದರೆ 8ರಲ್ಲಿ 1. ಅದಕ್ಕೇ "ಮಾಮಾಗ ಕೊಟ್ಟಾರ" ಎಂಬ ಉತ್ತರ ಬಂದರೆ ಅಷ್ಟಕ್ಕೇ ಬಿಡಬೇಡಿ. ಅವ್ವನ ಒಡಹುಟ್ಟಿದ ತಮ್ಮನೋ, ಅತ್ತಿಯ ಮಗನೋ, ಅವ್ವನ ಕಾಕಾನ ಮಗನೋ ಎಂದು ಕೇಳಿ, ಕಾರ್ಡಿನಲ್ಲಿ ಹೆಸರಿನ ಬದಲು ಆ ದಾರಿಯನ್ನೇ ಬರೆಯಿರಿ.